ಬಳೆಗೊಂದು ಸಾಲ, ನೆಕ್ಲೇಸಿಗೊಂದು ಸಾಲ: ಒಂದು ಸ್ಟೇಷನರಿ ಅಂಗಡಿಯ ಲೆಕ್ಕ

ನಾನು ಸಣ್ಣ ಅಂಗಡಿಗಳ ಲೆಕ್ಕ ಬರೆಯುವವನು. ಇಲ್ಲಿ ಹೇಳುತ್ತಿರುವುದು ಒಂದು ಸ್ಟೇಷನರಿ ಅಂಗಡಿಯ ವಿಷಯ. ಗಂಡ ಹೆಂಡತಿ ಇಬ್ಬರೂ ಸೇರಿ ನಡೆಸುವ ಅಂಗಡಿ. ಹೆಸರು, ಊರು ಬೇಡ. ಮೊತ್ತಗಳನ್ನು ಓದಲು ಸುಲಭವಾಗಲಿ ಎಂದು ದುಂಡಗೆ ಮಾಡಿದ್ದೇನೆ, ಲೆಕ್ಕದ ದಾರಿ ಮಾತ್ರ ಹಾಗೇ ಇದೆ.

ಸ್ಟೇಷನರಿ ಅಂಗಡಿಗೆ ವರ್ಷಕ್ಕೆ ಒಂದೇ ದೊಡ್ಡ ಸುಗ್ಗಿ. ಮೇ ಮೂರನೇ ವಾರದಿಂದ ಜುಲೈ ಮಧ್ಯದವರೆಗೆ. ನೋಟ್‌ಬುಕ್, ಸ್ಕೂಲ್ ಬ್ಯಾಗ್, ಕಂಪಾಸ್ ಬಾಕ್ಸ್, ಬೈಂಡಿಂಗ್ ಪೇಪರ್, ಕೊಡೆ, ರೇನ್‌ಕೋಟ್ ಎಲ್ಲ ಆಗಲೇ ಹೋಗಬೇಕು. ಆದರೆ ಸರಕು ತುಂಬಿಸಿಕೊಳ್ಳಬೇಕಾದದ್ದು ಏಪ್ರಿಲ್‌ನಲ್ಲಿ. ಮೇ ಬಂದರೆ ಹೋಲ್‌ಸೇಲ್‌ನವರ ಹತ್ತಿರ ಒಳ್ಳೆಯ ಬ್ಯಾಗುಗಳು ಇರುವುದಿಲ್ಲ, ಇದ್ದರೂ ರೇಟು ಏರಿರುತ್ತದೆ. ಅಂದರೆ ದುಡ್ಡು ಹೋಗುವುದು ಏಪ್ರಿಲ್ ಮೊದಲರ್ಧದಲ್ಲಿ, ತಿರುಗಿ ಬರುವುದು ಜೂನ್, ಜುಲೈನಲ್ಲಿ. ನಡುವಿನ ಈ ತಿಂಗಳುಗಳಿಗೇ ಸಾಲ ಬೇಕಾಗಿದ್ದು.

ಆ ವರ್ಷ ಅವರಿಗೆ 4 ಲಕ್ಷದ ಸರಕು ಬೇಕಿತ್ತು. ಕೈಯಲ್ಲಿದ್ದದ್ದು 1 ಲಕ್ಷ. ಉಳಿದ 3 ಲಕ್ಷಕ್ಕೆ ದಾರಿ ಹುಡುಕುತ್ತಾ ಏಪ್ರಿಲ್ ಮೊದಲ ವಾರ ನನ್ನ ಹತ್ತಿರ ಬಂದರು. ಬರುವಾಗಲೇ ಅವರ ಮನಸ್ಸು ಮುಕ್ಕಾಲು ಪಾಲು ತೀರ್ಮಾನ ಮಾಡಿತ್ತು.

"ಸರ್, ಪರ್ಸನಲ್ ಲೋನ್ ಆಗುತ್ತೆ ಅಂತ ಫೋನ್ ಬಂದಿದೆ. ಎರಡು ವರ್ಷಕ್ಕೆ, ತಿಂಗಳಿಗೆ ಹದಿನಾಲ್ಕೂವರೆ ಸಾವಿರ ಚಿಲ್ಲರೆ ಕಂತು. ಮನೆಯ ಚಿನ್ನ ಮುಟ್ಟೋದು ಬೇಡ ಅಂತ ನನ್ನ ಯೋಚನೆ."

ಚಿನ್ನ ಮುಟ್ಟಬಾರದು ಎನ್ನುವ ಮಾತಿಗೆ ನಾನು ಯಾವತ್ತೂ ಬೆಲೆ ಕೊಡುತ್ತೇನೆ. ಅದು ಬರೀ ಲೋಹ ಅಲ್ಲ. ಅದರಲ್ಲಿ ಒಂದು ನೆಕ್ಲೇಸ್ ಅವರ ಹೆಂಡತಿಗೆ ತವರಿನಿಂದ ಬಂದದ್ದು. ಆದ್ದರಿಂದ ಮೊದಲು ಅವರ ಆಯ್ಕೆಯನ್ನೇ ಕೂತು ಪೂರ್ತಿ ಲೆಕ್ಕ ಹಾಕಿದೆವು.

ಪರ್ಸನಲ್ ಲೋನಿನ ಒಳಗೆ

ಅವರಿಗೆ ಹೇಳಿದ್ದ ಬಡ್ಡಿ ವರ್ಷಕ್ಕೆ ಶೇ. 16. ಎರಡು ವರ್ಷದ ಐಟಿ ರಿಟರ್ನ್ ಇತ್ತು, ಕ್ರೆಡಿಟ್ ಸ್ಕೋರ್ ಸುಮಾರಾಗಿ ಚೆನ್ನಾಗಿತ್ತು. ಅಂಗಡಿಯವರಿಗೆ ಇದು ತೀರಾ ಕೆಟ್ಟ ದರ ಅಲ್ಲ. ಸಂಬಳದವರಿಗೆ ಸಿಗುವ ದರ ಸ್ವಂತ ವ್ಯಾಪಾರದವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ.

3 ಲಕ್ಷಕ್ಕೆ, 24 ತಿಂಗಳಿಗೆ, ಶೇ. 16ರಂತೆ ಕಂತು 14,689 ರೂಪಾಯಿ. ಪ್ರೊಸೆಸಿಂಗ್ ಫೀ ಶೇ. 2, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 7,080. ಇದನ್ನು ಸಾಲ ಕೊಡುವಾಗಲೇ ಹಿಡಿದುಕೊಳ್ಳುತ್ತಾರೆ. ಹಾಗಾಗಿ ಖಾತೆಗೆ ಬೀಳುವುದು 2,92,920 ಮಾತ್ರ, ಬಡ್ಡಿ ಮಾತ್ರ ಪೂರ್ತಿ 3 ಲಕ್ಷಕ್ಕೆ. ಈ ಫೀ ಸೇರಿಸಿದರೆ ನಿಜವಾದ ವಾರ್ಷಿಕ ದರ ಶೇ. 18.5ರ ಹತ್ತಿರ ಹೋಗುತ್ತದೆ. ಇದನ್ನು ನಾವೇ ಕಂಡುಹಿಡಿಯಬೇಕಾಗಿಲ್ಲ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎನ್ನುವ ಹಾಳೆಯನ್ನು ಸಹಿ ಹಾಕುವ ಮೊದಲೇ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅದರಲ್ಲಿ ಎಪಿಆರ್ ಎಂಬ ಸಾಲು ಇರುತ್ತದೆ. ಫೀ ಎಲ್ಲ ಸೇರಿದ ದರ ಅದು. ಫೋನಿನಲ್ಲಿ ಹೇಳಿದ ದರ ಬಿಟ್ಟು ಆ ಸಾಲನ್ನು ನೋಡಬೇಕು.

ಆದರೆ ನನಗೆ ಚಿಂತೆ ತಂದದ್ದು ದರ ಅಲ್ಲ, ತಾರೀಖು. ಏಪ್ರಿಲ್ 10ಕ್ಕೆ ಸಾಲ ತೆಗೆದರೆ ಮೊದಲ ಕಂತು ಮೇ 5ಕ್ಕೆ. ಆ ದಿನ ಅಂಗಡಿಯಲ್ಲಿ ಸರಕು ಕಟ್ಟು ಬಿಚ್ಚದೆ ಕೂತಿರುತ್ತದೆ, ಗಲ್ಲಾದಲ್ಲಿ ಸುಗ್ಗಿಯ ಒಂದು ರೂಪಾಯಿಯೂ ಬಂದಿರುವುದಿಲ್ಲ. ಬೇರೆ ತಿಂಗಳುಗಳಲ್ಲಿ ಮನೆ ಖರ್ಚು ಕಳೆದು ಅವರಿಗೆ ಉಳಿಯುವುದೇ 12,000 ಆಸುಪಾಸು. ಅಂದರೆ ಮೊದಲ ಕಂತನ್ನು ಸಾಲದ ದುಡ್ಡಿನಿಂದಲೇ ಕಟ್ಟಬೇಕು, ಎರಡನೆಯದರಲ್ಲೂ ಸ್ವಲ್ಪ. 3 ಲಕ್ಷ ಎಂದುಕೊಂಡು ಹೊರಟದ್ದು ಸರಕಿಗೆ 2.75 ಲಕ್ಷವಾಗಿ ಉಳಿಯುತ್ತದೆ.

"ಜುಲೈನಲ್ಲಿ ದುಡ್ಡು ಬಂದ ತಕ್ಷಣ ಒಟ್ಟಿಗೆ ಕಟ್ಟಿಬಿಡ್ತೀನಿ ಸರ್," ಎಂದರು.

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ, ತಪ್ಪೇನಲ್ಲ. ಆದರೆ ಆಫರ್ ಪತ್ರದ ಮೂರನೇ ಪುಟದಲ್ಲಿ ಎರಡು ಸಾಲು ಇತ್ತು. ಆರು ಕಂತು ಮುಗಿಯುವವರೆಗೆ ಸಾಲ ಮುಚ್ಚುವ ಹಾಗಿಲ್ಲ. ಆಮೇಲೆ ಮುಚ್ಚಿದರೆ ಉಳಿದ ಅಸಲಿನ ಮೇಲೆ ಶೇ. 4 ಶುಲ್ಕ, ಜಿಎಸ್‌ಟಿ ಬೇರೆ. ಪರ್ಸನಲ್ ಲೋನ್ ಹೆಚ್ಚಾಗಿ ಸ್ಥಿರ ಬಡ್ಡಿಯ ಸಾಲ. ಅವಧಿಗೆ ಮೊದಲೇ ಮುಚ್ಚಿದರೆ ದಂಡ ಹಾಕಬಾರದು ಎನ್ನುವ ರಿಸರ್ವ್ ಬ್ಯಾಂಕಿನ ನಿಯಮದ ಆಸರೆ ಮುಖ್ಯವಾಗಿ ಬದಲಾಗುವ ಬಡ್ಡಿಯ ಸಾಲಗಳಿಗೆ. ಸ್ಥಿರ ಬಡ್ಡಿಯದ್ದಕ್ಕೆ ಕರಾರಿನಲ್ಲಿ ಬರೆದಿದ್ದರೆ ಕಟ್ಟಲೇಬೇಕು.

ಸರಿ, ಆರು ಕಂತು ಕಟ್ಟಿ ಅಕ್ಟೋಬರ್‌ನಲ್ಲಿ ಮುಚ್ಚಿದರೆ ಎಷ್ಟಾಗುತ್ತದೆ ನೋಡೋಣ ಎಂದು ಲೆಕ್ಕ ಹಾಕಿದೆವು. ಆರು ಕಂತಿನಲ್ಲಿ ಕಟ್ಟಿದ್ದು 88,134. ಅದರಲ್ಲಿ ಬಡ್ಡಿಯೇ 21,800ಕ್ಕೂ ಸ್ವಲ್ಪ ಹೆಚ್ಚು. ಇನ್ನೂ ಉಳಿದ ಅಸಲು 2,33,690. ಮುಚ್ಚುವ ಶುಲ್ಕ ಜಿಎಸ್‌ಟಿ ಸೇರಿ 11,030. ಮೊದಲೇ ಹೋದ 7,080 ಸೇರಿಸಿದರೆ ಒಟ್ಟು ಖರ್ಚು ಹತ್ತಿರ ಹತ್ತಿರ 40,000 ರೂಪಾಯಿ.

ಸುಗ್ಗಿಯ ಲಾಭ ಎಷ್ಟು? ನೋಟ್‌ಬುಕ್‌ನಲ್ಲಿ ಉಳಿಯುವುದು ಕಡಿಮೆ, ಬ್ಯಾಗು, ಕೊಡೆಯಲ್ಲಿ ಜಾಸ್ತಿ. ಅವರ ಹಿಂದಿನ ವರ್ಷದ ಬಿಲ್ಲುಗಳಿಂದ ಲೆಕ್ಕ ಹಾಕಿದರೆ ಒಟ್ಟಾರೆ ನೂರಕ್ಕೆ 18 ಸಿಕ್ಕಿತ್ತು. 4 ಲಕ್ಷದ ಸರಕಿಗೆ 72,000. ಅದರಲ್ಲಿ 40,000 ಸಾಲಕ್ಕೇ ಹೋಗುತ್ತದೆ. ಈ ಎರಡು ಸಂಖ್ಯೆ ಪಕ್ಕಪಕ್ಕ ಬರೆದು ತೋರಿಸಿದಾಗ ಅವರು ತುಂಬಾ ಹೊತ್ತು ಮಾತಾಡಲಿಲ್ಲ.

ಹೋಲ್‌ಸೇಲ್‌ನವರ ಉದ್ರಿಯನ್ನೂ ಒಮ್ಮೆ ನೋಡಿದೆವು. ಅವರು 60 ದಿನ ಸಾಲ ಕೊಡುತ್ತಿದ್ದರು, ಬಡ್ಡಿ ಇಲ್ಲ. ಆದರೆ ಕೈಯಲ್ಲಿ ಹಣ ಇಟ್ಟರೆ ನೂರಕ್ಕೆ 3 ಕಡಿತ. ಉದ್ರಿ ತೆಗೆದುಕೊಂಡರೆ ಆ 3 ರೂಪಾಯಿ ಬಿಟ್ಟುಕೊಟ್ಟ ಹಾಗೆ. 97 ರೂಪಾಯಿಗೆ 60 ದಿನಕ್ಕೆ 3 ರೂಪಾಯಿ ಎಂದರೆ ವರ್ಷಕ್ಕೆ ಶೇ. 18ರ ಮೇಲೆ. ಬಡ್ಡಿ ಅಂತ ಯಾರೂ ಕರೆಯುವುದಿಲ್ಲ, ಅಷ್ಟೇ. ಮೇಲಾಗಿ 60 ದಿನ ಜೂನ್ 9ಕ್ಕೆ ಮುಗಿಯುತ್ತದೆ, ಆಗ ಅರ್ಧ ಸರಕು ಇನ್ನೂ ಅಂಗಡಿಯಲ್ಲೇ. ಆ ದಾರಿ ಅಲ್ಲಿಗೇ ಬಿಟ್ಟೆವು.

ಒಡವೆ ತೂಗಿದ ದಿನ

ಮಾರನೇ ದಿನ ಅವರ ಹೆಂಡತಿಯೂ ಬಂದರು. ಕೈಯಲ್ಲಿ ಬಟ್ಟೆಯ ಗಂಟು. ಅದರಲ್ಲಿ ಎರಡು ಬಳೆ, ಒಂದು ಕಲ್ಲಿನ ನೆಕ್ಲೇಸ್.

"ಇಟ್ಟುಕೊಳ್ಳಲಿ, ಬೇಡ ಅನ್ನಲ್ಲ. ಆದರೆ ಬಳೆ ಗೌರಿ ಹಬ್ಬಕ್ಕೆ ನನ್ನ ಕೈಯಲ್ಲಿ ಇರಬೇಕು. ನೆಕ್ಲೇಸ್ ಸ್ವಲ್ಪ ತಡ ಆದರೂ ಕಾಯ್ತೀನಿ."

ಆ ಒಂದು ಮಾತು ಇಡೀ ಸಾಲಕ್ಕೆ ಆಕಾರ ಕೊಟ್ಟಿತು. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಅವರ ಚಾಲ್ತಿ ಖಾತೆ ಇದ್ದ ಬ್ಯಾಂಕಿಗೇ ಹೋದೆವು. ಚಿನ್ನ ಪರೀಕ್ಷಿಸುವಾಗ ಸಾಲಗಾರ ಎದುರಿಗೇ ಇರಬೇಕು ಎಂಬುದು ಈಗಿನ ನಿಯಮ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಚಿನ್ನ, ಬೆಳ್ಳಿ ಅಡವಿನ ಸಾಲಕ್ಕೆ ಹೊಸ ನಿಯಮಗಳನ್ನು ತಂದಿತು. ಸಾಲ ಕೊಡುವವರೆಲ್ಲ ಅದನ್ನು ಜಾರಿಗೆ ತರಲು ಕೊನೆಯ ದಿನ 2026ರ ಏಪ್ರಿಲ್ 1. ಅದರಲ್ಲಿನ ಹಲವು ಮಾತು ಸಾಲಗಾರನಿಗೆ ನೇರವಾಗಿ ಉಪಯೋಗಕ್ಕೆ ಬರುವಂಥವು.

ಮನೆಯಲ್ಲಿ ತೂಗಿದಾಗ ಒಟ್ಟು 52 ಗ್ರಾಂ ಇತ್ತು. 22 ಕ್ಯಾರೆಟ್‌ಗೆ ಗ್ರಾಂಗೆ 10,000 ರೂಪಾಯಿ ಎಂದು ಇಟ್ಟುಕೊಳ್ಳೋಣ, ಲೆಕ್ಕ ಸುಲಭವಾಗಲಿ ಅಂತ. ಅವರು ಮನಸ್ಸಿನಲ್ಲೇ 5,20,000 ಎಂದು ಗುಣಿಸಿಕೊಂಡಿದ್ದರು. ಚಿನ್ನ ಪರೀಕ್ಷಿಸಿ ಬೆಲೆ ಕಟ್ಟುವ ಅಪ್ರೈಸರ್ ಬರೆದದ್ದು 4,49,000.

ವ್ಯತ್ಯಾಸ ಎಲ್ಲಿಂದ ಬಂತು? ಬಳೆಗಳಲ್ಲಿ ತಕರಾರು ಇರಲಿಲ್ಲ. ಹಾಲ್‌ಮಾರ್ಕ್ ಇದ್ದ 22 ಕ್ಯಾರೆಟ್, 24 ಗ್ರಾಂ, 2,40,000. ನೆಕ್ಲೇಸ್ ಒಟ್ಟು ತೂಕ 28 ಗ್ರಾಂ. ಅದರಲ್ಲಿ ಕಲ್ಲು, ಒಳಗಿನ ಅರಗು ಸೇರಿ 5 ಗ್ರಾಂ ಕಳೆದರು, ಉಳಿದದ್ದು 23. ಹಳೆಯ ಕಾಲದ ಕೆಲಸ, ಪರೀಕ್ಷೆಯಲ್ಲಿ 20 ಕ್ಯಾರೆಟ್ ಬಂತು. 22 ಕ್ಯಾರೆಟ್‌ಗೆ ಇಳಿಸಿದರೆ 20.9 ಗ್ರಾಂ ಆಗುತ್ತದೆ, ಬೆಲೆ 2,09,000. ಕಲ್ಲಿಗೆ, ಕೂಲಿಗೆ ಬೆಲೆ ಇಲ್ಲ. ಕೊಂಡಾಗ ಎಷ್ಟು ಕೊಟ್ಟಿದ್ದಿರಿ ಎನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ದರವೂ ಆ ದಿನದ ಅಂಗಡಿ ದರ ಅಲ್ಲ. ಹಿಂದಿನ 30 ದಿನದ ಸರಾಸರಿ, ಇಲ್ಲವೇ ಹಿಂದಿನ ದಿನದ ಮುಕ್ತಾಯದ ದರ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಚಿನ್ನ ಏರುತ್ತಿರುವಾಗ ಬ್ಯಾಂಕಿನವರು ಕಡಿಮೆ ಹಿಡಿದರು ಅಂತ ಬೇಜಾರಾಗುವುದು ಇದಕ್ಕೇ.

ಎಷ್ಟು ಕೊಡಬಹುದು ಎನ್ನುವುದಕ್ಕೂ ಮಿತಿ ಇದೆ. ಮನೆ ಖರ್ಚಿನ ಸಾಲವಾದರೆ 2.5 ಲಕ್ಷದವರೆಗೆ ಚಿನ್ನದ ಬೆಲೆಯ ಶೇ. 85, ಅದರ ಮೇಲೆ 5 ಲಕ್ಷದವರೆಗೆ ಶೇ. 80, ಇನ್ನೂ ಮೇಲೆ ಹೋದರೆ ಶೇ. 75. ಅಸಲು, ಬಡ್ಡಿ ಎರಡನ್ನೂ ಕೊನೆಗೆ ಒಟ್ಟಿಗೆ ಕಟ್ಟುವ ಸಾಲವಾದರೆ ಕೊನೆಗೆ ಕಟ್ಟಬೇಕಾದ ಬಡ್ಡಿಯನ್ನೂ ಸೇರಿಸಿಯೇ ಈ ಮಿತಿ ನೋಡುತ್ತಾರೆ. ವ್ಯಾಪಾರಕ್ಕೆ ಎಂದು ತೆಗೆದ ಸಾಲಕ್ಕೆ ಆಯಾ ಬ್ಯಾಂಕಿನ ಸ್ವಂತ ನೀತಿ. ನಾವು ಹೋದ ಶಾಖೆ ಶೇ. 75ಕ್ಕೆ ನಿಲ್ಲಿಸುತ್ತಿತ್ತು. 4,49,000ಕ್ಕೆ 3,36,000 ಚಿಲ್ಲರೆ.

"ಅಷ್ಟೂ ತೆಗೆದುಬಿಡಲಾ? ಇನ್ನೊಂದಿಷ್ಟು ಬ್ಯಾಗ್ ಹಾಕಬಹುದು," ಎಂದು ಅಂಗಡಿಯವರು ಕೇಳಿದರು.

ಬೇಡ ಎಂದೆ. ಕಾರಣ ಇಷ್ಟೇ. 3 ಲಕ್ಷ ತೆಗೆದರೆ ಚಿನ್ನದ ಬೆಲೆಯ ಶೇ. 67 ಮಾತ್ರ ಸಾಲ. ಮುಂದೆ ಚಿನ್ನ ನೂರಕ್ಕೆ 15 ಇಳಿದು, ನಾಲ್ಕು ತಿಂಗಳ ಬಡ್ಡಿಯೂ ಸೇರಿಕೊಂಡಿತು ಅಂದುಕೊಳ್ಳಿ. ಆಗ ಚಿನ್ನದ ಬೆಲೆ 3,81,650, ಬಾಕಿ 3,09,860. ಶೇ. 81. ಬ್ಯಾಂಕಿನವರು ಫೋನ್ ಮಾಡಬಹುದು, ಆದರೆ ಒಂದಿಷ್ಟು ಕಟ್ಟಿ ಸರಿ ಮಾಡಬಹುದಾದ ಸ್ಥಿತಿ ಅದು. 3,36,000 ತೆಗೆದಿದ್ದರೆ ಅದೇ ಇಳಿತಕ್ಕೆ ಬಾಕಿ ಶೇ. 91 ಆಗುತ್ತದೆ. ಅಷ್ಟು ಹತ್ತಿರ ಹೋದರೆ, ಇನ್ನೂ ಚಿನ್ನ ತನ್ನಿ ಇಲ್ಲ ದುಡ್ಡು ಕಟ್ಟಿ ಎನ್ನುವ ಮಾತು ಸುಗ್ಗಿಯ ನಡುವೆಯೇ ಬಂದು ಕೂರುತ್ತದೆ.

ಎರಡು ಪೊಟ್ಟಣ

ಈಗ ಬಳೆಯ ಮಾತಿಗೆ ಬರುತ್ತೇನೆ. ಬ್ಯಾಂಕಿನವರು ಎಲ್ಲ ಒಡವೆಯನ್ನೂ ಒಂದೇ ಪೊಟ್ಟಣದಲ್ಲಿ ಹಾಕಿ, ಸೀಲ್ ಮಾಡಿ, ಒಂದೇ ಸಾಲ ಬರೆಯಲು ಹೊರಟಿದ್ದರು. ಅವರಿಗೆ ಅದೇ ಸುಲಭ. ಆದರೆ ಒಂದೇ ಪೊಟ್ಟಣವಾದರೆ ಅರ್ಧ ಸಾಲ ಕಟ್ಟಿದರೂ ಒಂದು ಒಡವೆ ಮಾತ್ರ ಬಿಡಿಸಿಕೊಳ್ಳುವುದು ಕಷ್ಟ. ಕೆಲವರು ಕೊಡುತ್ತಾರೆ, ಕೆಲವರು ಪೂರ್ತಿ ಮುಚ್ಚಿ ಹೊಸದಾಗಿ ಇಡಿ ಎನ್ನುತ್ತಾರೆ. ಆಗ ಮತ್ತೆ ಫೀ, ಮತ್ತೆ ಪರೀಕ್ಷೆ.

ಅದಕ್ಕೆ ಎರಡು ಸಾಲ ಮಾಡಿಸಿದೆವು. ಬಳೆಯ ಮೇಲೆ 1,60,000, ನೆಕ್ಲೇಸ್ ಮೇಲೆ 1,40,000. ಎರಡು ಪೊಟ್ಟಣ, ಎರಡು ರಸೀದಿ. ಹೆಚ್ಚಿಗೆ ಆದದ್ದು ಇನ್ನೊಂದು ಅಪ್ರೈಸರ್ ಫೀ, 500 ರೂಪಾಯಿ. ನನ್ನ ಅನುಭವದಲ್ಲಿ ಚಿನ್ನದ ಸಾಲದಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಅನುಕೂಲ ಬೇರೆ ಯಾವುದರಿಂದಲೂ ಸಿಗುವುದಿಲ್ಲ. ಯಾವ ಒಡವೆ ಮೊದಲು ಬೇಕಾಗುತ್ತದೆ ಎಂದು ಮನೆಯಲ್ಲಿ ಕೇಳಿ, ಅದನ್ನು ಬೇರೆ ಪೊಟ್ಟಣ ಮಾಡಿಸಿ.

ಸಾಲವನ್ನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಜಂಟಿಯಾಗಿ ಬರೆಸಿದೆವು. ಒಡವೆ ತನ್ನದು ಎಂದು ಇಡುವವರು ಬರೆದುಕೊಡಬೇಕು. ನೆಕ್ಲೇಸ್ ಆಕೆಯದು, ಅವರ ಸಹಿ ಇರುವುದೇ ಸರಿ. ಇನ್ನೊಂದು ಕಾರಣವೂ ಇದೆ. ಬಾಕಿ ಆದರೆ ನೋಟಿಸ್ ಹೋಗುವುದು ಸಾಲಗಾರನ ಹೆಸರಿಗೆ. ತನ್ನ ಒಡವೆ ಹರಾಜಿಗೆ ಬಂದದ್ದು ಹೆಂಡತಿಗೆ ಗೊತ್ತೇ ಇಲ್ಲದ ಮನೆಗಳನ್ನು ನಾನು ನೋಡಿದ್ದೇನೆ. ಆ ಸಂಕಟ ಯಾರಿಗೂ ಬೇಡ.

ಬಡ್ಡಿ ವರ್ಷಕ್ಕೆ ಶೇ. 10, ಅವಧಿ 12 ತಿಂಗಳು, ಯಾವಾಗ ಬೇಕಾದರೂ ಕಟ್ಟಬಹುದು, ಮೊದಲೇ ಮುಚ್ಚಿದರೆ ಶುಲ್ಕ ಇಲ್ಲ. ಪ್ರೊಸೆಸಿಂಗ್ ಫೀ ಜಿಎಸ್‌ಟಿ ಸೇರಿ ಎರಡಕ್ಕೂ 1,770. ಎರಡು ಅಪ್ರೈಸರ್ ಫೀ 1,000. ಹಣ ನೇರವಾಗಿ ಅಂಗಡಿಯ ಚಾಲ್ತಿ ಖಾತೆಗೆ ಬಂತು, ಅಲ್ಲಿಂದ ಹೋಲ್‌ಸೇಲ್‌ನವರಿಗೆ ಹೋಯಿತು. ಈ ದಾರಿ ಸ್ವಚ್ಛವಾಗಿದ್ದರೆ ಕಟ್ಟಿದ ಬಡ್ಡಿಯನ್ನು ವ್ಯಾಪಾರದ ಖರ್ಚು ಎಂದು ಲೆಕ್ಕದಲ್ಲಿ ತೋರಿಸಲು ತೊಂದರೆ ಇರುವುದಿಲ್ಲ. ಮನೆಯ ಖಾತೆಗೆ ಹಾಕಿಸಿಕೊಂಡು, ಅದರಲ್ಲೇ ಕಿರಾಣಿ, ಸ್ಕೂಲ್ ಫೀ ಕಟ್ಟಿದರೆ ಆಮೇಲೆ ಬಿಡಿಸುವುದು ಕಷ್ಟ.

ಪಕ್ಕದ ರಸ್ತೆಯಲ್ಲಿ ಚಿನ್ನದ ಸಾಲದ ಕಂಪನಿಯೂ ಇತ್ತು. ಅರ್ಧ ಗಂಟೆಯಲ್ಲಿ ಕೊಡುತ್ತೇವೆ ಎಂದರು, ಅದು ನಿಜವೇ. ಬ್ಯಾಂಕಿನಲ್ಲಿ ನಮಗೆ ಒಂದಿಡೀ ದಿನ ಹೋಯಿತು. ಆದರೆ ಅವರ ದರ "ನೂರಕ್ಕೆ ಒಂದೂವರೆ ರೂಪಾಯಿ". ತಿಂಗಳಿಗೆ ಒಂದೂವರೆ ಎಂದರೆ ವರ್ಷಕ್ಕೆ ಶೇ. 18. 120 ದಿನಕ್ಕೆ 3 ಲಕ್ಷದ ಮೇಲೆ 17,750. ಬ್ಯಾಂಕಿನಲ್ಲಿ ಅದೇ 9,860. ಬೋರ್ಡಿನಲ್ಲಿ ಇನ್ನೂ ಕಡಿಮೆ ದರವೂ ಬರೆದಿತ್ತು. ಕೇಳಿದರೆ ಅದು ಪ್ರತಿ ತಿಂಗಳು ಬಡ್ಡಿ ತಪ್ಪದೆ ಕಟ್ಟುವವರಿಗೆ ಮಾತ್ರ, ಒಂದು ತಿಂಗಳು ತಪ್ಪಿದರೂ ದರ ಮೇಲಿನ ಮೆಟ್ಟಿಲಿಗೆ ಹೋಗುತ್ತದೆ. ಮೇ ತಿಂಗಳಲ್ಲಿ ಬಡ್ಡಿ ಕಟ್ಟಲು ದುಡ್ಡೇ ಇಲ್ಲದ ಅಂಗಡಿಗೆ ಆ ದರ ಸಿಗುವ ಹಾಗಿರಲಿಲ್ಲ. ನಾಳೆಯೇ ದುಡ್ಡು ಬೇಕು, ಬ್ಯಾಂಕಿಗೆ ರಜೆ ಎನ್ನುವ ಪರಿಸ್ಥಿತಿಯಲ್ಲಿ ಇಂಥ ಕಂಪನಿ ಉಪಯೋಗಕ್ಕೆ ಬರುತ್ತದೆ. ಆಗಲೂ ತಿಂಗಳ ದರವನ್ನು ಹನ್ನೆರಡರಿಂದ ಗುಣಿಸಿ ನೋಡಿಯೇ ಸಹಿ ಹಾಕಬೇಕು.

ಆಗಸ್ಟ್‌ನಲ್ಲಿ ಬಂದ ಪ್ರಶ್ನೆ

ಸುಗ್ಗಿ ಚೆನ್ನಾಗಿಯೇ ಆಯಿತು, ಆದರೆ ಅಂದುಕೊಂಡ ಹಾಗಲ್ಲ. ಒಂದು ಖಾಸಗಿ ಶಾಲೆಗೆ 90,000 ರೂಪಾಯಿಯ ನೋಟ್‌ಬುಕ್ ಒಟ್ಟಿಗೆ ಕೊಟ್ಟಿದ್ದರು. 30 ದಿನದಲ್ಲಿ ಕೊಡುತ್ತೇವೆ ಎಂದಿದ್ದವರು ಆಗಸ್ಟ್ ಬಂದರೂ ಕೊಟ್ಟಿರಲಿಲ್ಲ. ಬ್ಯಾಗುಗಳಲ್ಲೂ ಸುಮಾರು 45,000ದ ಸರಕು ಉಳಿಯಿತು. ಮಾರಾಟದ ದುಡ್ಡಿನಲ್ಲಿ ಲಕ್ಷಕ್ಕೂ ಸ್ವಲ್ಪ ಹೆಚ್ಚು ಅಂಗಡಿಯ ದಿನನಿತ್ಯದ ಸರಕಿಗೆ ಹೋಯಿತು. ಆಗಸ್ಟ್ ಮೊದಲ ವಾರ ಸಾಲಕ್ಕೆಂದು ಕೈಯಲ್ಲಿ ಉಳಿದದ್ದು 2,20,000.

ಅವರು ಮತ್ತೆ ಬಂದರು. ಈ ಸಲ ಕಣ್ಣಲ್ಲಿ ಹೊಸ ಆಸೆ.

"ಸರ್, ಚಿನ್ನದ ಸಾಲಕ್ಕೆ ಇನ್ನೂ ಎಂಟು ತಿಂಗಳು ಟೈಮ್ ಇದೆ ಅಲ್ವಾ? ಈ ದುಡ್ಡಲ್ಲಿ ದೀಪಾವಳಿಗೆ ಗಿಫ್ಟ್ ಐಟಮ್ ಹಾಕೋಣ ಅಂತಿದ್ದೀನಿ. ಬಡ್ಡಿ ಬರೀ ಹತ್ತು ಪರ್ಸೆಂಟ್."

ಚಿನ್ನದ ಸಾಲದ ನಿಜವಾದ ಅಪಾಯ ಇದು. ಪರ್ಸನಲ್ ಲೋನ್ ಪ್ರತಿ ತಿಂಗಳು ಬಾಗಿಲು ತಟ್ಟುತ್ತದೆ, ಕಿರಿಕಿರಿ, ಆದರೆ ಅಸಲು ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ಚಿನ್ನದ ಸಾಲ ಹನ್ನೆರಡು ತಿಂಗಳು ಸುಮ್ನೆ ಕೂತಿರುತ್ತದೆ. ಅದು ಸುಮ್ಮನಿರುವುದನ್ನೇ ನೋಡಿ, ಏಪ್ರಿಲ್‌ನ ಸರಕಿಗೆ ತೆಗೆದ ದುಡ್ಡು ಅಕ್ಟೋಬರ್‌ನ ಸರಕಿಗೆ ಹೋಗುತ್ತದೆ, ಅಲ್ಲಿಂದ ಮದುವೆಗೋ ಆಸ್ಪತ್ರೆಗೋ. ವರ್ಷ ಮುಗಿದಾಗ ಬಡ್ಡಿ ಮಾತ್ರ ಕಟ್ಟಿ ಹೊಸದಾಗಿ ಬರೆಸುತ್ತಾರೆ. ಹೀಗೆ ನಾಲ್ಕು ವರ್ಷ ತಿರುಗಿಸಿದವರನ್ನು ನೋಡಿದ್ದೇನೆ. ಅಸಲು ಒಂದು ರೂಪಾಯಿಯೂ ಇಳಿದಿರಲಿಲ್ಲ, ಒಡವೆ ಮನೆ ಮುಖ ಕಂಡಿರಲಿಲ್ಲ. ಈಗಿನ ನಿಯಮದಲ್ಲಿ ಕೊನೆಗೆ ಒಟ್ಟಿಗೆ ಕಟ್ಟುವ ಸಾಲವನ್ನು ಮುಂದುವರಿಸಬೇಕಾದರೆ ಆವರೆಗಿನ ಬಡ್ಡಿ ಪೂರ್ತಿ ಕಟ್ಟಿರಬೇಕು. ಅದೂ ಆಗದಿದ್ದರೆ ಮುಂದಿನ ದಾರಿ ನೋಟಿಸ್, ಆಮೇಲೆ ಹರಾಜು. ಹರಾಜಿಗೂ ಕಟ್ಟು ಇದೆ. ಮೊದಲ ಸಲ ಚಿನ್ನದ ಆಗಿನ ಬೆಲೆಯ ಶೇ. 90ಕ್ಕಿಂತ ಕಡಿಮೆ ಮೀಸಲು ಬೆಲೆ ಇಡುವಂತಿಲ್ಲ, ಸಾಲ ಕಳೆದು ಉಳಿದ ಹಣ ಸಾಲಗಾರನಿಗೆ ವಾಪಸ್ ಬರಬೇಕು. ದುಡ್ಡು ಬರಬಹುದು. ತವರಿನ ನೆಕ್ಲೇಸ್ ಬರುವುದಿಲ್ಲ.

ಅವರಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ. ಗಿಫ್ಟ್ ಐಟಮ್ ಹಿಂದೆ ಯಾವತ್ತಾದರೂ ಮಾರಿದ್ದೀರಾ? ಇಲ್ಲ ಎಂದರು. ನೋಟ್‌ಬುಕ್ ಎಷ್ಟು ಹೋಗುತ್ತದೆ ಎಂದು ಅವರಿಗೆ ಹತ್ತು ವರ್ಷದ ಲೆಕ್ಕ ಗೊತ್ತು, ಅದಕ್ಕೇ ಅಡವಿಡುವ ಧೈರ್ಯ ಮಾಡಿದ್ದೆವು. ಗೊತ್ತಿಲ್ಲದ ಸರಕಿಗೆ ಹೆಂಡತಿಯ ಒಡವೆ ಒತ್ತೆ ಇಡುವುದು ಬೇರೆಯೇ ಮಾತು.

ಆಗಸ್ಟ್ 8ಕ್ಕೆ, ಸರಿಯಾಗಿ 120 ದಿನಕ್ಕೆ, ಬಳೆಯ ಸಾಲ ಮುಚ್ಚಿದೆವು. 1,60,000 ಅಸಲು, 5,260 ಬಡ್ಡಿ. ಉಳಿದದ್ದರಲ್ಲಿ 50,000ವನ್ನು ನೆಕ್ಲೇಸ್ ಸಾಲಕ್ಕೆ ಕಟ್ಟಿದೆವು. ಅದರಲ್ಲಿ ಮೊದಲು 4,603 ಬಡ್ಡಿಗೆ ಹೋಯಿತು, ಮಿಕ್ಕಿದ್ದು ಅಸಲಿಗೆ. ಅಸಲು 94,603ಕ್ಕೆ ಇಳಿಯಿತು. ಭಾಗ ಹಣ ಕಟ್ಟುವಾಗ ಒಂದು ಎಚ್ಚರ. ಕೌಂಟರಿನಲ್ಲಿ ಕಟ್ಟಿ ಬಂದರೆ ಸಾಲದು, ಅಸಲು ಎಷ್ಟು ಇಳಿಯಿತು ಎಂದು ಸ್ಟೇಟ್‌ಮೆಂಟ್‌ನಲ್ಲಿ ನೋಡಬೇಕು. ಅದು ಇಳಿದರೆ ಮಾತ್ರ ಮರುದಿನದಿಂದ ಬಡ್ಡಿಯೂ ಇಳಿಯುತ್ತದೆ.

ಶಾಲೆಯ ದುಡ್ಡು ಕೊನೆಗೂ ಅಕ್ಟೋಬರ್ ಮೊದಲ ವಾರ ಬಂತು. ಅಕ್ಟೋಬರ್ 6ಕ್ಕೆ ಉಳಿದ ಅಸಲು ಮತ್ತು 59 ದಿನದ ಬಡ್ಡಿ 1,529 ಕಟ್ಟಿ ಎರಡನೇ ಸಾಲವೂ ಮುಗಿಯಿತು. 6,000 ಚಿಲ್ಲರೆ ಮಾತ್ರ ಗಲ್ಲಾದಿಂದ ಹಾಕಬೇಕಾಯಿತು.

ಒಟ್ಟು ಬಡ್ಡಿ 11,392. ಫೀಗಳು 2,770. ಎಲ್ಲ ಸೇರಿ 14,162 ರೂಪಾಯಿ. ಅದೇ ಅಕ್ಟೋಬರ್‌ನಲ್ಲಿ ಮುಚ್ಚಿದ್ದರೂ ಪರ್ಸನಲ್ ಲೋನಿಗೆ 40,000 ಹೋಗುತ್ತಿತ್ತು. ಇನ್ನು, ಕೈಯಲ್ಲಿ ಹಣ ಕೊಟ್ಟು ಕೊಂಡದ್ದಕ್ಕೆ ಹೋಲ್‌ಸೇಲ್‌ನಲ್ಲಿ ಸಿಕ್ಕ ಕಡಿತ ಸುಮಾರು 12,000. ಚಿನ್ನದ ಸಾಲದ ಖರ್ಚಿನ ಬಹುಪಾಲು ಅದರಲ್ಲೇ ಹೊರಟು ಹೋಯಿತು.

ಇದನ್ನು ಓದಿ ಎಲ್ಲರೂ ಚಿನ್ನವನ್ನೇ ಇಡಬೇಕು ಎಂದು ನಾನು ಹೇಳುವುದಿಲ್ಲ. ಈ ಅಂಗಡಿಗೆ ಅದು ಸರಿಹೋದದ್ದು ದುಡ್ಡು ತಿರುಗಿ ಬರುವ ತಿಂಗಳು ಗೊತ್ತಿದ್ದರಿಂದ. ಇದೇ ಅಂಗಡಿಯವರು ಮರುವರ್ಷ ಅಂಗಡಿಗೆ ಹೊಸ ರ‍್ಯಾಕು, ಗಾಜಿನ ಕೌಂಟರ್ ಮಾಡಿಸಬೇಕು ಎಂದಾಗ ನಾನು ಚಿನ್ನ ಬೇಡ ಎಂದೆ. ರ‍್ಯಾಕು ಮಾರಾಟವಾಗುವ ಸರಕಲ್ಲ, ಅದರ ದುಡ್ಡು ಎರಡು ಮೂರು ವರ್ಷದಲ್ಲಿ ತಿಂಗಳು ತಿಂಗಳು ಸ್ವಲ್ಪವೇ ಹುಟ್ಟುತ್ತದೆ. ಅದಕ್ಕೆ ಕಂತಿನ ಸಾಲವೇ ಹೊಂದುತ್ತದೆ. ಬೇರೆಯವರ ಒಡವೆ ಕೇಳಿ ತಂದು ಇಡಬೇಕಾದ ಪರಿಸ್ಥಿತಿಯಲ್ಲೂ ಪರ್ಸನಲ್ ಲೋನೇ ಮೇಲು. ಕಂತು ತಪ್ಪಿದರೆ ಸ್ಕೋರ್ ಬೀಳುತ್ತದೆ, ವಸೂಲಿಗೆ ಫೋನ್ ಬರುತ್ತದೆ, ಕಷ್ಟವೇ. ಆದರೂ ಅಕ್ಕನದೋ ಅತ್ತಿಗೆಯದೋ ಒಡವೆ ಕಳೆದುಕೊಂಡು ಅವರ ಮುಖ ನೋಡುವ ಕಷ್ಟ ಅದಲ್ಲ. ಪರ್ಸನಲ್ ಲೋನೇ ತೆಗೆಯುವುದಾದರೆ ಒಮ್ಮೆಗೇ ಐದಾರು ಕಡೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಗೂ ಅವರು ನಿಮ್ಮ ಕ್ರೆಡಿಟ್ ವರದಿ ತೆಗೆದು ನೋಡುತ್ತಾರೆ, ಅದು ವರದಿಯಲ್ಲಿ ಉಳಿಯುತ್ತದೆ.

ಪ್ರತಿ ವರ್ಷವೂ ಇದೇ ಏಪ್ರಿಲ್ ಬರುವ ಅಂಗಡಿಗೆ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಮಿತಿಯೇ ಇನ್ನೂ ಒಳ್ಳೆಯದು. ಬೇಕಾದಷ್ಟು ತೆಗೆದು, ಬಂದಾಗ ಕಟ್ಟಿ, ಬಳಸಿದ ದಿನಗಳಿಗೆ ಮಾತ್ರ ಬಡ್ಡಿ. ಅದಕ್ಕೆ ಉದ್ಯಮ್ ನೋಂದಣಿ, ಖಾತೆಯಲ್ಲಿ ಕಾಣುವ ವಹಿವಾಟು, ಸ್ಟಾಕ್ ಲೆಕ್ಕ ಎಲ್ಲ ಬೇಕು. ಏಪ್ರಿಲ್‌ನಲ್ಲಿ ಅರ್ಜಿ ಹಾಕಿ ಏಪ್ರಿಲ್‌ನಲ್ಲೇ ಸಿಗುವಂಥದ್ದಲ್ಲ. ಅಕ್ಟೋಬರ್‌ನಲ್ಲಿ ನೆಕ್ಲೇಸ್ ಬಿಡಿಸಲು ಹೋದ ದಿನವೇ ಅದರ ಅರ್ಜಿಯನ್ನೂ ಕೊಟ್ಟೆವು.

ಆ ದಿನದ ಬಗ್ಗೆ ಒಂದು ಮಾತು ಉಳಿದಿದೆ. ಪೂರ್ತಿ ಕಟ್ಟಿದ ಮೇಲೆ ಒಡವೆಯನ್ನು ಅದೇ ದಿನ, ತಪ್ಪಿದರೆ 7 ಕೆಲಸದ ದಿನಗಳ ಒಳಗೆ ವಾಪಸ್ ಕೊಡಬೇಕು. ಅವರ ಕಡೆಯಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬ ನಿಯಮವಿದೆ. ನಮಗೆ ಅಂದೇ ಸಿಕ್ಕಿತು. ಸೀಲ್ ಒಡೆಯುವ ಮೊದಲು ಅದರ ಮೇಲಿನ ಸಹಿ ನೋಡಿದೆವು. ಆಮೇಲೆ ತೂಗಿಸಿ, ರಸೀದಿಯಲ್ಲಿದ್ದ 28 ಗ್ರಾಂಗೆ ಹೋಲಿಸಿದೆವು. ಅಂಗಡಿಯವರ ಹೆಂಡತಿ ನೆಕ್ಲೇಸಿನ ಕಲ್ಲುಗಳನ್ನು ಒಂದೊಂದಾಗಿ ಎಣಿಸಿದರು, ಎರಡು ಸಲ. ಹಿಂದೆ ಸರತಿಯಲ್ಲಿ ನಿಂತವರು ಕಾಯುತ್ತಿದ್ದರು. ಆಕೆ ಗಡಿಬಿಡಿ ಮಾಡಲಿಲ್ಲ. ಎಣಿಸಿ ಮುಗಿದ ಮೇಲೆಯೇ ಸಹಿ ಹಾಕಿದರು.